ಮೂರು ವಾಕ್ಯದ ಪರಿಚಯ, ಒಂದು ಕಾರಣ

ಮಾರ್ಗದರ್ಶಕರಾಗಬಹುದಾದ ಅಪರಿಚಿತರೊಬ್ಬರಿಗೆ ಬರೆಯುವ ಮೊದಲ ಇಮೇಲಿನಲ್ಲಿ ಮುಖ್ಯವಾಗಿ ಎರಡು ಸಂಗತಿಗಳಿದ್ದರೆ ಸಾಕು. ಬರೆಯುತ್ತಿರುವವರು ಯಾರು ಎಂಬುದನ್ನು ಮೂರು ವಾಕ್ಯಗಳಲ್ಲಿ ಹೇಳಬೇಕು. ಬೇರೆ ಯಾರಿಗೂ ಬರೆಯದೆ ಇವರಿಗೇ ಏಕೆ ಬರೆಯಲಾಗುತ್ತಿದೆ ಎಂಬ ಕಾರಣ ಸ್ಪಷ್ಟವಾಗಿರಬೇಕು. ಉಳಿದದ್ದೆಲ್ಲ, ಅಂದರೆ ನಮಸ್ಕಾರ, ವಂದನೆ, ಹೆಸರು, ಫೋನ್ ನಂಬರು, ಒಂದು ಹಿಡಿಯಷ್ಟು ಜಾಗದಲ್ಲಿ ಮುಗಿಯುತ್ತದೆ. ಇಡೀ ಪತ್ರ ನೂರೈವತ್ತು ಪದಗಳ ಆಸುಪಾಸಿನಲ್ಲಿದ್ದರೆ ಫೋನಿನ ಪರದೆಯಲ್ಲಿ ಒಂದೆರಡು ಸಲ ಬೆರಳಾಡಿಸುವಷ್ಟರಲ್ಲಿ ಓದಿ ಮುಗಿಸಬಹುದು.

ಇದು ಕೆಲಸದ ಅರ್ಜಿಯೂ ಅಲ್ಲ, ಬಯೋಡೇಟಾಕ್ಕೆ ಹೊದಿಸಿದ ಮುಖಪುಟವೂ ಅಲ್ಲ. ಅರ್ಜಿಗೆ ಬೇರೆ ದಾರಿ ಇರುವ ಕಡೆ ಮೇಲ್ ಕಳಿಸುವುದರಿಂದ ಪ್ರಯೋಜನ ಕಡಿಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ನಿಗದಿತ ನಮೂನೆಯಲ್ಲೇ ಅರ್ಜಿ ಹಾಕಬೇಕು. ಅದರ ವಿಜ್ಞಾನಿಯೊಬ್ಬರಿಗೆ ನೇರವಾಗಿ ಬರೆದು ಸೀಟು ಕೇಳಿದರೆ ಅವರು ಮಾಡಬಹುದಾದದ್ದು ಅರ್ಜಿಯ ಕೊಂಡಿಯನ್ನು ವಾಪಸ್ ಕಳಿಸುವುದಷ್ಟೆ. ಪರಿಚಯದ ಮೇಲ್ ಕೆಲಸಕ್ಕೆ ಬರುವುದು ಅಂಥ ನಮೂನೆ ಯಾವುದೂ ಇಲ್ಲದ ಕಡೆ. ಒಂದು ಕೆಲಸ ಆಗಲೇ ಕೈಯಲ್ಲಿದೆ, ಅದು ಒಂದು ಕಡೆ ಸಿಕ್ಕಿಹಾಕಿಕೊಂಡಿದೆ, ಆ ಗಂಟನ್ನು ಬಿಡಿಸಬಲ್ಲವರು ದೂರದಲ್ಲೆಲ್ಲೋ ಇದ್ದಾರೆ ಎಂಬ ಸಂದರ್ಭದಲ್ಲಿ.

ಮೇಲ್ ತಲುಪುವ ಕಡೆಯಿಂದ ನೋಡಿದರೆ ಅದರ ಅಳತೆ ಏಕೆ ಹೀಗಿರಬೇಕು ಎಂಬುದು ತಿಳಿಯುತ್ತದೆ. ವಿಶ್ವವಿದ್ಯಾಲಯದಲ್ಲೋ ಸಂಶೋಧನಾ ಸಂಸ್ಥೆಯಲ್ಲೋ ಇರುವವರು ಅಪರಿಚಿತರ ಮೇಲನ್ನು ತೆರೆಯುವುದು ಸಾಮಾನ್ಯವಾಗಿ ಒಂದು ಪಾಠ ಮುಗಿದು ಇನ್ನೊಂದು ಸಭೆ ಶುರುವಾಗುವ ಮಧ್ಯೆ, ಅದೂ ಫೋನಿನಲ್ಲಿ. ಆಗ ಅವರ ಮನಸ್ಸಿನಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ಇವರು ಯಾರು? ಇದನ್ನೇ ಇನ್ನೂ ಐವತ್ತು ಜನರಿಗೆ ಕಳಿಸಿದ್ದಾರೆಯೇ? ಇದಕ್ಕೆ ನನ್ನ ಸಮಯ ಎಷ್ಟು ಹೋಗುತ್ತದೆ? ಉತ್ತರ ಬರುವುದೋ ಇಲ್ಲವೋ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಮೂರನೆಯ ಪ್ರಶ್ನೆ. ಎಷ್ಟು ಸಮಯ ಬೇಕೆಂದು ತಿಳಿಯದ ಮೇಲನ್ನು ಓದಿದವರು ಬೇಡವೆಂದು ತಳ್ಳಿಹಾಕುವುದು ಕಡಿಮೆ. ಸಂಜೆ ನೋಡೋಣ ಎಂದು ಬದಿಗಿಡುತ್ತಾರೆ. ಸಂಜೆಯ ಹೊತ್ತಿಗೆ ಅದರ ಮೇಲೆ ಇನ್ನಷ್ಟು ಮೇಲ್‌ಗಳು ಬಂದು ಕೂತಿರುತ್ತವೆ. ಉತ್ತರ ಬಾರದ ಮೇಲ್‌ಗಳಲ್ಲಿ ಎಷ್ಟೋ ಮೇಲ್‌ಗಳ ಗತಿ ಇದೇ. ಅದನ್ನು ಅಹಂಕಾರವೆಂದು ತಿಳಿಯುವವರು ಹೆಚ್ಚು, ಆದರೆ ಅಲ್ಲಿ ಅಷ್ಟು ದೊಡ್ಡ ಭಾವನೆಯೇನೂ ಇರುವುದಿಲ್ಲ.

ಒಂದು ಕಲ್ಪಿತ ಪ್ರಸಂಗವನ್ನು ತೆಗೆದುಕೊಂಡು ಇಡೀ ಕೆಲಸವನ್ನು ನೋಡಬಹುದು. ಶಿವಮೊಗ್ಗದಲ್ಲಿ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳಿಗೆ ಸಾಗರದ ಹತ್ತಿರ ಅಡಿಕೆ ತೋಟದ ಮನೆ. ಮಳೆಗಾಲದಲ್ಲಿ ಕೊಳೆ ರೋಗ ಬಾರದಿರಲೆಂದು ಅಲ್ಲಿನವರು ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿ ಮಾಡುವ ದ್ರಾವಣ ಅದು. ಮೈಲುತುತ್ತದಲ್ಲಿ ತಾಮ್ರವಿದೆ, ನೀರಿನಲ್ಲಿ ತಾಮ್ರ ಹೆಚ್ಚಾದರೆ ಗೊದಮೊಟ್ಟೆಗಳಿಗೆ ಅಪಾಯ ಎಂಬುದು ತಿಳಿದ ವಿಷಯ. ಬೋರ್ಡೋ ಹೊಡೆದ ತೋಟದಲ್ಲೂ ಹೊಡೆಯದ ತೋಟದಲ್ಲೂ ಕಪ್ಪೆಗಳು ಒಂದೇ ರೀತಿ ಕೂಗುತ್ತವೆಯೇ ಎಂಬ ಪ್ರಶ್ನೆ ಅವಳಿಗೆ ಹೊಳೆದು, ಒಂದು ಮಳೆಗಾಲವೆಲ್ಲ ರಾತ್ರಿ ಹೊತ್ತು ಫೋನಿನಲ್ಲಿ ಕೂಗನ್ನು ರೆಕಾರ್ಡ್ ಮಾಡಿದ್ದಾಳೆ. ಕಪ್ಪೆಗಳ ಧ್ವನಿಯ ಮೇಲೆ ಕೆಲಸ ಮಾಡುವ ವಿಜ್ಞಾನಿಯೊಬ್ಬರು ಬೆಂಗಳೂರಿನಲ್ಲಿದ್ದಾರೆ. ಅವರಿಗೆ ಅವಳು ಮೊದಲು ಬರೆದ ಕರಡು ಹೀಗಿದೆ:

“ಗೌರವಾನ್ವಿತ ಸರ್/ಮೇಡಂ, ನಾನು ಸಾಗರ ತಾಲ್ಲೂಕಿನ ರೈತ ಕುಟುಂಬದಲ್ಲಿ ಹುಟ್ಟಿದವಳು. ಚಿಕ್ಕಂದಿನಿಂದಲೂ ಕಾಡು, ಪ್ರಾಣಿ, ಪಕ್ಷಿಗಳೆಂದರೆ ನನಗೆ ಅಪಾರ ಆಸಕ್ತಿ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಯಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣಳಾಗಿ, ಬಿ.ಎಸ್ಸಿ.ಯಲ್ಲಿ ಕಾಲೇಜಿಗೆ ಎರಡನೆಯವಳಾಗಿ ಬಂದಿದ್ದೇನೆ. ಪ್ರಬಂಧ ಸ್ಪರ್ಧೆಗಳಲ್ಲಿ ಬಹುಮಾನ ಪಡೆದಿದ್ದೇನೆ. ತಮ್ಮ ಸಂಶೋಧನೆಗಳಿಂದ ತುಂಬಾ ಪ್ರಭಾವಿತಳಾಗಿದ್ದೇನೆ. ತಮ್ಮ ಅಮೂಲ್ಯ ಮಾರ್ಗದರ್ಶನದಲ್ಲಿ ಕೆಲಸ ಮಾಡುವ ಅವಕಾಶ ಕೊಟ್ಟರೆ ಚಿರಋಣಿಯಾಗಿರುತ್ತೇನೆ. ಬಯೋಡೇಟಾ ಲಗತ್ತಿಸಿದ್ದೇನೆ.”

ಇದರಲ್ಲಿ ಒಂದು ಸುಳ್ಳೂ ಇಲ್ಲ, ವಿನಯಕ್ಕೂ ಕೊರತೆಯಿಲ್ಲ. ಆದರೆ ಕಪ್ಪೆಯೇ ಇಲ್ಲ. ಮಳೆಯಲ್ಲಿ ನಿಂತು ಮಾಡಿದ ರೆಕಾರ್ಡಿಂಗ್ ಅವಳ ಬಳಿ ಇರುವ ಅತ್ಯಂತ ಗಟ್ಟಿಯಾದ ಪರಿಚಯಪತ್ರ. ಅದನ್ನು ಬಿಟ್ಟು ಅಂಕಪಟ್ಟಿಯನ್ನು ಮುಂದಿಟ್ಟಿದ್ದಾಳೆ. “ತಮ್ಮ ಸಂಶೋಧನೆಗಳು” ಯಾವುವು ಎಂದು ಹೇಳಿಲ್ಲವಾದ್ದರಿಂದ ಅದೇ ವಾಕ್ಯವನ್ನು ಭೌತವಿಜ್ಞಾನಿಗೂ ಅರ್ಥಶಾಸ್ತ್ರಜ್ಞರಿಗೂ ಕಳಿಸಬಹುದು. “ಸರ್/ಮೇಡಂ” ಎಂಬ ಗೆರೆಯೊಂದೇ ಸಾಕು, ಬರೆದವಳು ಅವರ ಪುಟವನ್ನೂ ತೆರೆದು ನೋಡಿಲ್ಲ ಎಂದು ಓದುವವರು ತೀರ್ಮಾನಿಸಲು. ಕೊನೆಯ ಕೋರಿಕೆಗೆ ಅಳತೆಯೇ ಇಲ್ಲ. “ಮಾರ್ಗದರ್ಶನ” ಎಂದರೆ ಒಂದು ಫೋನ್ ಕರೆಯೋ, ಆರು ತಿಂಗಳ ಪ್ರಾಜೆಕ್ಟೋ, ಪಿಎಚ್.ಡಿ.ಯೋ? ತಿಳಿಯದ್ದಕ್ಕೆ ಒಪ್ಪಿಕೊಳ್ಳಲು ಯಾರೂ ಮುಂದೆ ಬರುವುದಿಲ್ಲ.

ಪರಿಚಯಕ್ಕೆ ಮೂರು ವಾಕ್ಯ ಎಂಬ ಮಿತಿ ಇಲ್ಲಿ ನೆರವಾಗುತ್ತದೆ. ಮೊದಲ ವಾಕ್ಯ ಈಗ ಎಲ್ಲಿದ್ದೇನೆ, ಏನು ಮಾಡುತ್ತಿದ್ದೇನೆ ಎಂಬುದಕ್ಕೆ. ಎರಡನೆಯದು ಈ ವಿಷಯಕ್ಕೆ ಸಂಬಂಧಪಟ್ಟಂತೆ ಆಗಲೇ ಮಾಡಿರುವ ಕೆಲಸಕ್ಕೆ. ಆಸಕ್ತಿ ಎಂಬ ಪದಕ್ಕೆ ಇಲ್ಲಿ ಜಾಗವಿಲ್ಲ, ಮಾಡಿದ ಕೆಲಸವೇ ಆಸಕ್ತಿಯನ್ನು ತೋರಿಸುತ್ತದೆ. ಮೂರನೆಯದು ಆ ಕೆಲಸ ಎಲ್ಲಿ ನಿಂತಿದೆ ಎಂಬುದಕ್ಕೆ. ಬಹಳಷ್ಟು ಜನರಿಗೆ ಮೊದಲ ಎರಡು ವಾಕ್ಯಗಳು ಸುಲಭವಾಗಿ ಬರುತ್ತವೆ, ಮೂರನೆಯದನ್ನು ಬರೆಯಲು ಸಂಕೋಚ. ತನಗೆ ತಿಳಿಯದ್ದನ್ನು ಮೊದಲ ಪರಿಚಯದಲ್ಲೇ ಹೇಳಿಕೊಂಡರೆ ಸಣ್ಣವರಾಗುತ್ತೇವೆ ಎಂಬ ಅಳುಕು. ವಾಸ್ತವದಲ್ಲಿ ಓದುವವರು ಹುಡುಕುವುದೇ ಆ ವಾಕ್ಯವನ್ನು, ಏಕೆಂದರೆ ಅವರು ಏನಾದರೂ ಮಾಡಲು ಸಾಧ್ಯವಿರುವುದು ಅಲ್ಲಿ ಮಾತ್ರ. ಹುಟ್ಟಿದ ಊರು, ಮನೆತನ, ಬಹುಮಾನಗಳು ವಿಷಯಕ್ಕೆ ಸಂಬಂಧಪಟ್ಟರೆ ಬರಬಹುದು. ಈ ಪ್ರಸಂಗದಲ್ಲಿ ಅಡಿಕೆ ತೋಟದ ಮನೆ ಎಂಬುದು ಬರಬೇಕು, ರಾತ್ರಿ ಹೊತ್ತು ತೋಟಕ್ಕೆ ಹೋಗಿಬರುವ ಅನುಕೂಲ ಇದೆ ಎಂಬುದನ್ನು ಅದು ಹೇಳುತ್ತದೆ. ಪ್ರಬಂಧ ಸ್ಪರ್ಧೆಯ ಬಹುಮಾನಕ್ಕೆ ಆ ಕೆಲಸವಿಲ್ಲ.

ಈ ಬಗೆಯ ಪತ್ರಕ್ಕೆ ಭಾರತದಲ್ಲಿ ಹೆಸರಾಂತ ಪೂರ್ವನಿದರ್ಶನವೊಂದಿದೆ. 1913ರ ಜನವರಿ 16ರಂದು ಶ್ರೀನಿವಾಸ ರಾಮಾನುಜನ್ ಮದ್ರಾಸಿನಿಂದ ಕೇಂಬ್ರಿಜ್‌ನ ಗಣಿತಜ್ಞ ಜಿ. ಎಚ್. ಹಾರ್ಡಿ ಅವರಿಗೆ ಬರೆದ ಪತ್ರ ಅದು. ಶುರುವಿನ ಕೆಲವೇ ಸಾಲುಗಳಲ್ಲಿ ಪರಿಚಯ ಮುಗಿಯುತ್ತದೆ. ತಾನು ಮದ್ರಾಸ್ ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ವಿಭಾಗದಲ್ಲಿ ವರ್ಷಕ್ಕೆ ಇಪ್ಪತ್ತು ಪೌಂಡ್ ಸಂಬಳದ ಗುಮಾಸ್ತ, ವಿಶ್ವವಿದ್ಯಾಲಯದ ಶಿಕ್ಷಣವಿಲ್ಲ, ಶಾಲೆ ಬಿಟ್ಟ ಮೇಲೆ ಬಿಡುವಿನ ಹೊತ್ತನ್ನೆಲ್ಲ ಗಣಿತಕ್ಕೆ ಕೊಟ್ಟು ತನ್ನದೇ ದಾರಿಯಲ್ಲಿ ಹೋಗುತ್ತಿದ್ದೇನೆ. ಪದವಿ ಇಲ್ಲವೆಂಬುದನ್ನು ಮುಚ್ಚಿಡಲು ಅವರು ಹೋಗಿಲ್ಲ, ಅದಕ್ಕಾಗಿ ಕ್ಷಮೆಯನ್ನೂ ಕೇಳಿಲ್ಲ. ಅದಾದ ಮೇಲೆ ಹಾರ್ಡಿಗೇ ಬರೆಯಲು ಕಾರಣ ಬರುತ್ತದೆ. ಅನಂತದ ಕ್ರಮಗಳ ಬಗ್ಗೆ ಹಾರ್ಡಿ 1910ರಲ್ಲಿ ಪ್ರಕಟಿಸಿದ್ದ ಕಿರುಪುಸ್ತಕದ 36ನೆಯ ಪುಟವನ್ನು ಹೆಸರಿಸಿ, ಒಂದು ಸಂಖ್ಯೆಗಿಂತ ಚಿಕ್ಕದಾದ ಅವಿಭಾಜ್ಯ ಸಂಖ್ಯೆಗಳು ಎಷ್ಟು ಎಂಬುದಕ್ಕೆ ನಿಖರವಾದ ಸೂತ್ರ ದೊರೆತಿಲ್ಲವೆಂದು ತಾವು ಅಲ್ಲಿ ಹೇಳಿದ್ದೀರಿ, ನಿಜವಾದ ಎಣಿಕೆಗೆ ಬಹಳ ಹತ್ತಿರ ಬರುವ ಸೂತ್ರವೊಂದು ನನಗೆ ಸಿಕ್ಕಿದೆ ಎನ್ನುತ್ತಾರೆ. ಜೊತೆಗೆ ಪ್ರಮೇಯಗಳಿದ್ದ ಹಾಳೆಗಳನ್ನು ಇಟ್ಟು, ಇವುಗಳಲ್ಲಿ ಬೆಲೆಯುಳ್ಳದ್ದೇನಾದರೂ ಇದ್ದರೆ ಪ್ರಕಟವಾಗಲಿ ಎಂಬುದು ತನ್ನ ಆಸೆ ಎಂದು ಕೇಳುತ್ತಾರೆ.

ಅದಕ್ಕೂ ಮೊದಲು ಕೇಂಬ್ರಿಜ್‌ನ ಇನ್ನಿಬ್ಬರು ಗಣಿತಜ್ಞರಾದ ಬೇಕರ್ ಮತ್ತು ಹಾಬ್ಸನ್ ಅವರಿಗೆ ಬರೆದಿದ್ದು ಫಲಿಸಿರಲಿಲ್ಲ. ಹಾರ್ಡಿಯ ಉತ್ತರ ಫೆಬ್ರವರಿ 8ರ ದಿನಾಂಕದ್ದು; ಅದರಲ್ಲಿ ಅವರು ಮುಖ್ಯವಾಗಿ ಕೇಳಿದ್ದು ಸಾಧನೆಗಳನ್ನು, ಅಂದರೆ ಪ್ರಮೇಯಗಳು ನಿಜವೆಂದು ತೋರಿಸುವ ಹೆಜ್ಜೆಗಳನ್ನು. ಸ್ವಾರಸ್ಯವೆಂದರೆ ಅವಿಭಾಜ್ಯ ಸಂಖ್ಯೆಗಳ ಬಗೆಗಿನ ರಾಮಾನುಜನ್ನರ ಆ ಹೇಳಿಕೆ ಪೂರ್ತಿ ಸರಿಯಿರಲಿಲ್ಲ. ಆದರೂ ಪತ್ರದಲ್ಲಿ ಅದು ಮಾಡಬೇಕಾದ ಕೆಲಸವನ್ನು ಮಾಡಿತ್ತು. ಓದುವವರ ಪುಸ್ತಕವನ್ನು ಓದಿದ್ದೇನೆ, ಅದರ ಇಂಥ ಪುಟದಿಂದ ಮುಂದಕ್ಕೆ ನಡೆದಿದ್ದೇನೆ ಎಂಬುದನ್ನು ತೋರಿಸಿತ್ತು. ಜೊತೆಗಿದ್ದ ಹಾಳೆಗಳನ್ನು ಹಾರ್ಡಿ ತಮ್ಮ ಸಹೋದ್ಯೋಗಿ ಲಿಟ್ಲ್‌ವುಡ್ ಜೊತೆ ಕೂತು ಪರಿಶೀಲಿಸಿದ ಮೇಲೆ, ಇದು ಯಾರೋ ಮಾಡಿದ ಮೋಸವಲ್ಲವೆಂದು ಇಬ್ಬರಿಗೂ ಮನವರಿಕೆಯಾಯಿತು. 1914ರ ಮಾರ್ಚಿನಲ್ಲಿ ರಾಮಾನುಜನ್ ಇಂಗ್ಲೆಂಡಿಗೆ ಹಡಗು ಹತ್ತಿದರು. ರಾಮಾನುಜನ್ ಅಂಥವರು ಶತಮಾನಕ್ಕೊಬ್ಬರು ಎಂಬುದು ನಿಜ. ಆದರೆ ಪತ್ರದ ಕಟ್ಟಡಕ್ಕೆ ಪ್ರತಿಭೆ ಬೇಕಿಲ್ಲ. ಪರಿಚಯ, ಕಾರಣ, ಪುರಾವೆ, ಕೋರಿಕೆ ಎಂಬ ಆ ಕ್ರಮವನ್ನು ಯಾರೂ ಅನುಸರಿಸಬಹುದು.

ಕಾರಣ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಲು ಒಂದು ಸರಳ ವಿಧಾನವಿದೆ. ಮೇಲಿನಲ್ಲಿರುವ ಹೆಸರನ್ನು ತೆಗೆದು ಅದೇ ವಿಭಾಗದ ಇನ್ನೊಬ್ಬರ ಹೆಸರನ್ನು ಹಾಕಿ ಓದಬೇಕು. ಆಗಲೂ ಪತ್ರ ಸರಿಯಾಗಿಯೇ ಕಂಡರೆ ಕಾರಣ ಇನ್ನೂ ಬಂದಿಲ್ಲ ಎಂದೇ ಅರ್ಥ. ಅವರ ಒಂದು ಲೇಖನ, ಒಂದು ಉಪನ್ಯಾಸ, ಅವರು ಬಳಸಿದ ಒಂದು ವಿಧಾನ, ಇವುಗಳಲ್ಲಿ ಒಂದನ್ನು ನಿಜವಾಗಿ ಓದಿ, ಅದು ತನ್ನ ಕೆಲಸಕ್ಕೆ ಎಲ್ಲಿ ತಾಗುತ್ತದೆ ಎಂದು ಒಂದು ವಾಕ್ಯದಲ್ಲಿ ಹೇಳಿದರೆ ಸಾಕು. ಮೂರು ಲೇಖನಗಳ ಶೀರ್ಷಿಕೆಗಳನ್ನು ಸಾಲಾಗಿ ಉದುರಿಸುವುದು ಇದಕ್ಕಿಂತ ಕೀಳು, ಓದದೆಯೂ ಅದನ್ನು ಮಾಡಬಹುದಲ್ಲ.

ಪ್ರಶ್ನೆಯ ಮಟ್ಟವೂ ಕಾರಣದ ಭಾಗವೇ. ವಿದ್ಯಾರ್ಥಿನಿಗೆ ಮೊದಲು ಹೊಳೆದ ಪ್ರಶ್ನೆ “ಒಟ್ಟಿಗೆ ಕೂಗುವ ಕಪ್ಪೆಗಳನ್ನು ಎಣಿಸುವುದು ಹೇಗೆ?” ಎಂಬುದು. ಇದಕ್ಕೆ ವಿಜ್ಞಾನಿಯ ಅಗತ್ಯವಿಲ್ಲ. ಕಪ್ಪೆಗಳ ಸಮೀಕ್ಷೆ ಮಾಡುವವರು ಒಂದೊಂದನ್ನೇ ಎಣಿಸುವ ಬದಲು ದರ್ಜೆ ಕೊಡುವ ಪದ್ಧತಿಯನ್ನು ಬಹುಕಾಲದಿಂದ ಬಳಸುತ್ತಾರೆ. ಕೂಗೇ ಇಲ್ಲದಿದ್ದರೆ 0. ಒಂದೊಂದು ಕೂಗು ಬಿಡಿಬಿಡಿಯಾಗಿ ಕೇಳಿಸಿದರೆ 1. ಕೂಗುಗಳು ಒಂದರ ಮೇಲೊಂದು ಬಂದರೂ ಬೇರೆ ಬೇರೆ ಎಂದು ಗುರುತಿಸಬಹುದಾದರೆ 2. ಬಿಡುವಿಲ್ಲದ ಮೇಳವಾದರೆ 3. ಗ್ರಂಥಾಲಯದಲ್ಲೋ ಅಂತರಜಾಲದಲ್ಲೋ ಒಂದು ಸಂಜೆ ಹುಡುಕಿದರೆ ಸಿಗುವ ಸಂಗತಿ ಇದು. ಅದನ್ನೇ ಕೇಳಿದ್ದರೆ ಹುಡುಕದೆ ಬರೆದಿದ್ದಾಳೆ ಎಂದಾಗುತ್ತಿತ್ತು. ಅವಳು ಹುಡುಕಿ, ಆ ದರ್ಜೆಗಳನ್ನು ತನ್ನ ರೆಕಾರ್ಡಿಂಗ್‌ಗಳಿಗೆ ಕೊಟ್ಟು ನೋಡಿದಾಗ ಹೊಸ ತೊಡಕೊಂದು ಎದುರಾಯಿತು: ಮಳೆ ಜೋರಾದ ಮೇಲೆ ಎರಡೂ ತೋಟಗಳಲ್ಲಿ ಎಲ್ಲ ರಾತ್ರಿಯೂ 3. ಅಳತೆಗೋಲು ತುದಿ ಮುಟ್ಟಿ ನಿಂತ ಮೇಲೆ ವ್ಯತ್ಯಾಸವಿದ್ದರೂ ಕಾಣುವುದಿಲ್ಲ. ವಿಜ್ಞಾನಿಯನ್ನು ಕೇಳಲು ಯೋಗ್ಯವಾದ ಪ್ರಶ್ನೆ ಅಲ್ಲಿ ಹುಟ್ಟಿತು.

ಎರಡನೆಯ ಕರಡು ಹೀಗೆ:

“ವಿಷಯ: ಅಡಿಕೆ ತೋಟದ ಕಪ್ಪೆ ಕೂಗಿನ ರೆಕಾರ್ಡಿಂಗ್: ವಿಧಾನದ ಬಗ್ಗೆ ಒಂದು ಪ್ರಶ್ನೆ

ಮೇಡಂ, ನಮಸ್ಕಾರ.

ನಾನು ಶಿವಮೊಗ್ಗದಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಮೂರನೇ ಸೆಮಿಸ್ಟರಿನಲ್ಲಿದ್ದೇನೆ, ಮನೆ ಸಾಗರದ ಹತ್ತಿರ, ಅಡಿಕೆ ತೋಟದಲ್ಲಿ. ಈ ಮಳೆಗಾಲ ಬೋರ್ಡೋ ಹೊಡೆದ ನಮ್ಮ ತೋಟದಲ್ಲೂ ಹೊಡೆಯದ ಪಕ್ಕದ ತೋಟದಲ್ಲೂ ವಾರಕ್ಕೆರಡು ರಾತ್ರಿ ಐದೈದು ನಿಮಿಷ ಕಪ್ಪೆಗಳ ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, 0ಯಿಂದ 3ರವರೆಗಿನ ದರ್ಜೆ ಕೊಟ್ಟಿದ್ದೇನೆ. ಜುಲೈ ನಡುವಿನಿಂದ ಎರಡೂ ಕಡೆ ಬರೀ 3 ಬರುತ್ತಿರುವುದರಿಂದ ಹೋಲಿಸಲಾಗುತ್ತಿಲ್ಲ, ನಮ್ಮ ವಿಭಾಗದಲ್ಲಿ ಧ್ವನಿಯ ಮೇಲೆ ಕೆಲಸ ಮಾಡಿದವರೂ ಇಲ್ಲ.

ಕಾಫಿ ತೋಟಗಳ ಬಗೆಗಿನ ತಮ್ಮ ಲೇಖನದಲ್ಲಿ, ಗದ್ದಲದ ರಾತ್ರಿಗಳ ಕೂಗನ್ನು ಸ್ವರದ ಎತ್ತರದ ಮೇಲೆ ಬೇರ್ಪಡಿಸಿದ್ದನ್ನು ಓದಿ ತಮಗೆ ಬರೆಯುತ್ತಿದ್ದೇನೆ. ತಾವು ಬಳಸಿದ್ದು ತೋಟದಲ್ಲೇ ಇಟ್ಟ ರೆಕಾರ್ಡರ್, ನನ್ನದು ಫೋನ್. ಫೋನಿನ ರೆಕಾರ್ಡಿಂಗಿಗೂ ಆ ವಿಧಾನ ನಡೆಯುತ್ತದೆಯೇ?

ಈ ತಿಂಗಳಲ್ಲಿ ಯಾವಾಗಲಾದರೂ ಇಪ್ಪತ್ತು ನಿಮಿಷ ಫೋನಿನಲ್ಲಿ ಮಾತಾಡಲು ಆದೀತೆ? ಒಂದೆರಡು ಸಾಲಿನ ಉತ್ತರವಾದರೂ ಸಾಕು. ಒಂದು ನಿಮಿಷದ ತುಣುಕೂ ದರ್ಜೆಗಳ ಪಟ್ಟಿಯೂ ಕೆಳಗಿನ ಕೊಂಡಿಯಲ್ಲಿವೆ.

ವಂದನೆಗಳೊಂದಿಗೆ,”

ಕೆಳಗೆ ಹೆಸರು, ವಿಭಾಗ, ಫೋನ್ ನಂಬರು. ಇಷ್ಟೇ.

ಈ ಕರಡಿನಲ್ಲಿ “ನನಗೆ ಮಾರ್ಗದರ್ಶಕರಾಗಿ” ಎಂಬ ಮಾತೇ ಇಲ್ಲ. ಅದು ಬೇಕೆಂದೇ ಬಿಟ್ಟದ್ದು. ಒಬ್ಬರು ಇನ್ನೊಬ್ಬರಿಗೆ ಮಾರ್ಗದರ್ಶಕರಾಗುವುದು ಒಪ್ಪಂದದಿಂದ ಅಲ್ಲ. ಒಂದು ಪ್ರಶ್ನೆಗೆ ಉತ್ತರ ಕೊಟ್ಟು, ಅದರಿಂದ ಏನಾಯಿತೆಂದು ಕೇಳಿ, ಮುಂದಿನದನ್ನು ಸೂಚಿಸುತ್ತ ಹೋದಾಗ ಆ ಸಂಬಂಧ ಬೆಳೆಯುತ್ತದೆ. ಮೊದಲ ಮೇಲಿನಲ್ಲೇ ಅದನ್ನು ಕೇಳಿದರೆ ಎದುರಿನವರು ಎಷ್ಟು ವರ್ಷದ ಹೊಣೆ ಹೊರಬೇಕೋ ತಿಳಿಯದೆ ಹಿಂಜರಿಯುತ್ತಾರೆ. ಇಪ್ಪತ್ತು ನಿಮಿಷಕ್ಕೆ ಹಾಗಾಗುವುದಿಲ್ಲ, ಅದಕ್ಕೆ ಕೊನೆಯಿದೆ. “ಒಂದೆರಡು ಸಾಲಿನ ಉತ್ತರವಾದರೂ ಸಾಕು” ಎಂಬುದು ಇನ್ನೂ ಚಿಕ್ಕ ಬಾಗಿಲು, ಕರೆಗೆ ಸಮಯವಿಲ್ಲದವರು ಅದರಿಂದ ಒಳಬರಬಹುದು. ಆದರೆ ಒಂದು ಮೇಲಿನಲ್ಲಿ ಕೋರಿಕೆ ಒಂದೇ ಇರಬೇಕು. ಪ್ರಶ್ನೆಗೆ ಉತ್ತರ, ಪ್ರಯೋಗಾಲಯದಲ್ಲಿ ಜಾಗ, ಶಿಫಾರಸು ಪತ್ರ ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಮೊದಲನೆಯದು ನೆಪ, ಕೊನೆಯದು ಉದ್ದೇಶ ಎಂದು ಓದುವವರಿಗೆ ಅನಿಸುತ್ತದೆ.

ವಿಷಯದ ಸಾಲಿನ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಫೋನಿನಲ್ಲಿ ಅದರ ಮೊದಲ ಐದಾರು ಪದಗಳಷ್ಟೇ ಕಾಣುವುದರಿಂದ ಮುಖ್ಯ ಪದಗಳು ಮುಂದೆ ಬರಬೇಕು. “ವಿನಂತಿ”, “ತುರ್ತು”, “ಮಾರ್ಗದರ್ಶನ ಕೋರಿ” ಎಂಬವು ಏನನ್ನೂ ಹೇಳುವುದಿಲ್ಲ. ಖಾಲಿ ಬಿಟ್ಟರೆ ಮೇಲ್ ಕಸದ ಬುಟ್ಟಿಗೆ ಹೋಗುವ ಸಂಭವವೂ ಉಂಟು.

ಬರವಣಿಗೆ ಸರಿಯಿದ್ದೂ ಮೇಲ್ ಕೆಡುವುದು ಹಲವು ಸಲ ಕೊಂಡಿಗಳಿಂದ. ಜಿಮೇಲಿನಲ್ಲಿ ಲಗತ್ತುಗಳ ಮಿತಿ 25 ಎಂಬಿ. ಧ್ವನಿಯ ಕಡತಗಳು ಅದನ್ನು ಬೇಗ ದಾಟುವುದರಿಂದ ಗೂಗಲ್ ಡ್ರೈವಿನಲ್ಲಿಟ್ಟು ಕೊಂಡಿ ಕಳಿಸಬೇಕಾಗುತ್ತದೆ. ಅಲ್ಲಿ ಹಂಚಿಕೆಯ ಅನುಮತಿ ಮೊದಲಿಗೆ `Restricted` ಎಂದೇ ಇರುತ್ತದೆ. ಅದನ್ನು `Anyone with the link` ಎಂದು ಬದಲಿಸದಿದ್ದರೆ ವಿಜ್ಞಾನಿ ಕೊಂಡಿ ಒತ್ತಿದಾಗ ಕಡತದ ಬದಲು ಅನುಮತಿ ಕೇಳುವ ಪುಟ ತೆರೆಯುತ್ತದೆ. ಅನುಮತಿ ಕೇಳಿ ಕಾಯುವಷ್ಟು ವ್ಯವಧಾನ ಅಪರಿಚಿತರ ಮೇಲಿಗೆ ಯಾರೂ ಇಟ್ಟುಕೊಂಡಿರುವುದಿಲ್ಲ. ಕಳಿಸುವ ಮೊದಲು ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಅಂದರೆ ತನ್ನ ಖಾತೆಗೆ ಲಾಗಿನ್ ಆಗದೆ, ಆ ಕೊಂಡಿಯನ್ನು ತೆರೆದು ನೋಡಿದರೆ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕೊಡುವ ತುಣುಕು ಒಂದೇ ನಿಮಿಷದ್ದಾಗಿರಬೇಕು. ನಲವತ್ತು ಕಡತಗಳ ಫೋಲ್ಡರನ್ನು ಕಳಿಸಿದರೆ ಯಾವುದನ್ನು ಕೇಳಬೇಕೆಂದು ಹುಡುಕುವ ಕೆಲಸವೂ ಅವರ ತಲೆಗೆ ಬರುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಮೇಲಿಗೆ ಅಂಟಿಸಿದರೆ, ಆ ಫಾಂಟು ಇಲ್ಲದ ಕಡೆ ಅದು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಸಾಲುಗಳಾಗಿ ಕಾಣುತ್ತದೆ. ಯುನಿಕೋಡಿನಲ್ಲಿ ಟೈಪ್ ಮಾಡಿದರೆ ಈ ಸಮಸ್ಯೆ ಇಲ್ಲ. ಫೋನಿನ ಕನ್ನಡ ಕೀಲಿಮಣೆಗಳು ಯುನಿಕೋಡನ್ನೇ ಬಳಸುತ್ತವೆ. ತನ್ನದೇ ಇನ್ನೊಂದು ವಿಳಾಸಕ್ಕೆ ಮೇಲ್ ಕಳಿಸಿ ಫೋನಿನಲ್ಲಿ ತೆರೆದು ನೋಡುವುದು ಒಳ್ಳೆಯ ಪರೀಕ್ಷೆ. ಯಾವ ಭಾಷೆಯಲ್ಲಿ ಬರೆಯಬೇಕು ಎಂಬುದಕ್ಕೆ ಉತ್ತರ ಓದುವವರನ್ನು ನೋಡಿ ಸಿಗುತ್ತದೆ. ಅವರು ಕನ್ನಡದಲ್ಲಿ ಬರೆದಿದ್ದರೆ, ಮಾತಾಡಿದ್ದರೆ ಕನ್ನಡವೇ ಸರಿ. ಇಲ್ಲವಾದರೆ ಇಂಗ್ಲಿಷಿನಲ್ಲಿ ಬರೆಯುವುದು ವಾಡಿಕೆ, ಆಗ ಸಾಲುಗಳು ಇನ್ನೂ ಸರಳವಾಗಿರಲಿ. ಕಷ್ಟಪಟ್ಟು ತಂದ ದೊಡ್ಡ ಪದಗಳಿಗಿಂತ ಚಿಕ್ಕ ತಪ್ಪುಗಳಿರುವ ನೇರ ವಾಕ್ಯವನ್ನು ಓದುವವರು ಸುಲಭವಾಗಿ ಕ್ಷಮಿಸುತ್ತಾರೆ.

ಒಂದೇ ಮೇಲನ್ನು ಹೆಸರು ಬದಲಿಸಿ ಹತ್ತಾರು ಜನರಿಗೆ ಕಳಿಸುವ ಚಾಳಿ ಬೇಗ ಸಿಕ್ಕಿಬೀಳುತ್ತದೆ. ಅಂಟಿಸಿದ ಹೆಸರಿನ ಅಕ್ಷರದ ಗಾತ್ರ ಉಳಿದ ಸಾಲಿಗಿಂತ ಬೇರೆಯಾಗಿರುತ್ತದೆ, ಇಲ್ಲವೇ ಮೇಲೆ ಒಬ್ಬರ ಹೆಸರು, ಒಳಗೆ ಇನ್ನೊಬ್ಬರ ಸಂಸ್ಥೆ. ಒಂದೇ ವಿಭಾಗದ ನಾಲ್ವರಿಗೆ ಕಳಿಸಿದ್ದರೆ ಊಟದ ಹೊತ್ತಿಗೆ ಆ ನಾಲ್ವರಿಗೂ ವಿಷಯ ಗೊತ್ತಾಗಿರುತ್ತದೆ, ಆಮೇಲೆ ಪ್ರತಿಯೊಬ್ಬರೂ ಉಳಿದವರು ಉತ್ತರಿಸಲಿ ಎಂದು ಸುಮ್ಮನಾಗುತ್ತಾರೆ. ಒಬ್ಬರಿಗೆ ಬರೆದು, ಉತ್ತರಕ್ಕೆ ಕಾದು, ಬಾರದಿದ್ದರೆ ಇನ್ನೊಬ್ಬರಿಗೆ ಬೇರೆಯೇ ಕಾರಣದೊಡನೆ ಬರೆಯುವುದು ನಿಧಾನದ ದಾರಿ, ಆದರೆ ಉತ್ತರ ಬರುವುದು ಆ ದಾರಿಯಲ್ಲೇ. ತನ್ನ ಕಾಲೇಜಿನ ಗೈಡ್ ಇದ್ದರೆ ಅವರಿಗೆ ಮೊದಲೇ ಹೇಳಿರಬೇಕು. ಬೆಂಗಳೂರಿನ ವಿಜ್ಞಾನಿಯೇ ಅವರಿಗೆ ಫೋನ್ ಮಾಡಿ ವಿಚಾರಿಸಿದಾಗ ಅವರಿಗೆ ಏನೂ ಗೊತ್ತಿಲ್ಲದಿದ್ದರೆ ಮುಜುಗರ ಎರಡೂ ಕಡೆ.

ಕಳಿಸಿದ ಮೇಲೆ ಒಂದು ವಾರ, ಹತ್ತು ದಿನ ಕಾಯುವುದು ಸಾಮಾನ್ಯ. ಆಮೇಲೆ ಒಂದು ಸಲ ನೆನಪಿಸಬಹುದು. ಹೊಸ ಮೇಲ್ ಬರೆಯದೆ ಹಳೆಯದಕ್ಕೇ ಉತ್ತರವಾಗಿ ಬರೆದರೆ ಮೂಲ ಪತ್ರ ಅದರ ಕೆಳಗೇ ಸಿಗುತ್ತದೆ, ಹುಡುಕಬೇಕಿಲ್ಲ. ಅದರಲ್ಲಿ ಎರಡು ಸಾಲು ಸಾಕು, ಈ ನಡುವೆ ಆದದ್ದೇನಾದರೂ ಇದ್ದರೆ ಅದನ್ನೂ ಸೇರಿಸಬಹುದು: “ಕಳೆದ ವಾರ ಒಂದೇ ತೋಟದಲ್ಲಿ ಎರಡು ಫೋನಿಟ್ಟು ರೆಕಾರ್ಡ್ ಮಾಡಿ ನೋಡಿದೆ, ಎರಡರಲ್ಲೂ ದರ್ಜೆ ಒಂದೇ ಬಂತು.” ಅದಕ್ಕೂ ಉತ್ತರ ಬಾರದಿದ್ದರೆ ಅಲ್ಲಿಗೆ ಬಿಡಬೇಕು. ಮೂರನೆಯ ಮೇಲ್, ವಾಟ್ಸಾಪ್ ಸಂದೇಶ, ಕಚೇರಿಗೆ ಕರೆ ಇವೆಲ್ಲ ಒತ್ತಾಯವಾಗುತ್ತವೆ.

ಉತ್ತರ ಬಂದಾಗ ಅದು ನಿರೀಕ್ಷಿಸಿದ ಹಾಗೆ ಇರುವುದು ಅಪರೂಪ. ಈ ವಿದ್ಯಾರ್ಥಿನಿಗೆ ಬರಬಹುದಾದ ಉತ್ತರವನ್ನು ಊಹಿಸಬಹುದು. ಫೋನಿನ ರೆಕಾರ್ಡರ್ ಆ್ಯಪ್‌ಗಳಲ್ಲಿ ಹೆಚ್ಚಿನವು ಧ್ವನಿ ಜೋರಾದಾಗ ಮಟ್ಟವನ್ನು ತಾವೇ ತಗ್ಗಿಸುತ್ತವೆ, ಮೆಲ್ಲಗಾದಾಗ ಏರಿಸುತ್ತವೆ. ಹಾಗಾಗಿ ಎರಡು ತೋಟಗಳ ಗದ್ದಲದ ಗಟ್ಟಿತನವನ್ನು ಆ ಕಡತಗಳಿಂದ ಹೋಲಿಸಲಾಗದು, ಆದರೆ ಯಾವ ಯಾವ ಜಾತಿ ಕೂಗುತ್ತಿದೆ ಎಂಬುದನ್ನು ಸ್ವರದ ಎತ್ತರದಿಂದ ಗುರುತಿಸಬಹುದು ಎಂದು ಅವರು ಬರೆದಾರು. ಅದಕ್ಕಿಂತ ಮುಖ್ಯವಾಗಿ, ಎರಡೇ ತೋಟಗಳನ್ನು ಹೋಲಿಸಿ ಬೋರ್ಡೋ ಬಗ್ಗೆ ಏನೂ ಹೇಳಲಾಗದು ಎಂದಾರು. ಪಕ್ಕದ ತೋಟದಲ್ಲಿ ಹಳ್ಳ ಹತ್ತಿರವಿರಬಹುದು, ನೆರಳು ಹೆಚ್ಚಿರಬಹುದು, ತರಗೆಲೆ ದಪ್ಪಗಿರಬಹುದು. ವ್ಯತ್ಯಾಸ ಕಂಡರೂ ಅದು ಯಾವುದರಿಂದ ಎಂದು ತಿಳಿಯುವುದಿಲ್ಲ. ಮುಂದಿನ ಮಳೆಗಾಲ ಹೆಚ್ಚು ತೋಟಗಳನ್ನು ಆರಿಸಿಕೊಂಡು, ಪ್ರತಿ ತೋಟದಲ್ಲೂ ಸಿಂಪಡಣೆಗೆ ಮೊದಲೂ ಆಮೇಲೂ ರೆಕಾರ್ಡ್ ಮಾಡಲು ಅವರು ಸೂಚಿಸಬಹುದು. ಕೇಳಿದ ಪ್ರಶ್ನೆಗೆ ಅರ್ಧ ಉತ್ತರ, ಕೇಳದ ಪ್ರಶ್ನೆಯೊಂದು ಪೂರ್ತಿಯಾಗಿ ವಾಪಸ್. ಮಾರ್ಗದರ್ಶನ ಎಂಬುದು ಕಾರ್ಯರೂಪದಲ್ಲಿ ಬಹುಪಾಲು ಹೀಗೇ ಇರುತ್ತದೆ.

ಅಂಥ ಉತ್ತರಕ್ಕೆ ಒಂದೆರಡು ದಿನದೊಳಗೆ ಮರುಮೇಲ್ ಹೋಗಬೇಕು: ತಲುಪಿತು, ಇದರಲ್ಲಿ ಇಂಥದ್ದನ್ನು ಮೊದಲು ಮಾಡುತ್ತೇನೆ ಎಂದು. ಮಾಡಿದ ಮೇಲೆ, ತಿಂಗಳೋ ಎರಡು ತಿಂಗಳೋ ಕಳೆದು, ಏನಾಯಿತೆಂದು ನಾಲ್ಕು ಸಾಲು ಬರೆಯಬೇಕು. ಎರಡನೆಯ ಇಪ್ಪತ್ತು ನಿಮಿಷ ಕೇಳಲು ಅದು ಸರಿಯಾದ ಹೊತ್ತು. “ಈಗ ಸಮಯವಿಲ್ಲ, ನಮ್ಮ ಪ್ರಯೋಗಾಲಯದ ಪಿಎಚ್.ಡಿ. ವಿದ್ಯಾರ್ಥಿಯೊಬ್ಬರನ್ನು ಕೇಳಿ” ಎಂದು ಬಂದರೆ ಅದನ್ನು ನಿರಾಕರಣೆ ಎಂದು ತಿಳಿಯಬಾರದು. ದಿನವೂ ಆ ತಂತ್ರಾಂಶವನ್ನು ಬಳಸುವವರು, ರೆಕಾರ್ಡರನ್ನು ಮರಕ್ಕೆ ಕಟ್ಟುವವರು ಆ ವಿದ್ಯಾರ್ಥಿಗಳೇ. ಅವರಿಗೆ ಬರೆಯುವಾಗ ಯಾರು ಹೇಳಿ ಬರೆಯುತ್ತಿದ್ದೇನೆ ಎಂಬ ಒಂದು ಸಾಲು ಮೊದಲಿಗೆ ಸೇರುತ್ತದೆ. ಅದರ ಕೆಳಗೆ ಅದೇ ಮೂರು ವಾಕ್ಯ, ಅದೇ ಪ್ರಶ್ನೆ.